ತಲೆ ಹೆಚ್ಚಾದರೆ ಅಳತೆ ಸರಿಯಾಗದು

ರೈತ ಉತ್ಪಾದಕ ಕಂಪನಿಗಳಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ, ಸಣ್ಣ ಉದ್ದಿಮೆದಾರರ ನಡುವೆ ಒಂದು ನಂಬಿಕೆ ಬೇರೂರಿದೆ. ನಮ್ಮ ಬ್ರ್ಯಾಂಡ್ ಜನರಿಗೆ ಎಷ್ಟು ಗೊತ್ತು ಎಂದು ಅಳೆಯಲು ಸಾವಿರಾರು ಜನರ ಉತ್ತರ ಬೇಕು, ಅಷ್ಟು ಜನರನ್ನು ಮಾತಾಡಿಸಲು ಬೆಂಗಳೂರಿನ ಏಜೆನ್ಸಿ ಬೇಕು, ಏಜೆನ್ಸಿಗೆ ಕೊಡಲು ಲಕ್ಷಗಟ್ಟಲೆ ದುಡ್ಡು ಬೇಕು ಎಂಬುದು ಆ ನಂಬಿಕೆಯ ಒಂದು ಮಗ್ಗುಲು. ಅಷ್ಟು ದುಡ್ಡಿಲ್ಲದವರು ಗೂಗಲ್ ಫಾರ್ಮ್ ಒಂದನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿ, ಬಂದಷ್ಟು ಉತ್ತರ ಸೇರಿಸಿಕೊಂಡರೆ ಆಯಿತು ಎಂಬುದು ಇನ್ನೊಂದು ಮಗ್ಗುಲು. ಮೇಲುನೋಟಕ್ಕೆ ಇವು ಬೇರೆ ಬೇರೆ ಮಾತು. ಆದರೆ ಎರಡರ ತಳದಲ್ಲೂ ಇರುವುದು ಒಂದೇ ಎಣಿಕೆ: ಉತ್ತರಿಸಿದ ತಲೆಗಳು ಹೆಚ್ಚಾದಷ್ಟೂ ಅಳತೆ ಸರಿಯಾಗುತ್ತದೆ ಎಂಬುದು. ಈ ಎಣಿಕೆ ತಪ್ಪು. ಯಾರನ್ನು ಕೇಳಿದೆವು, ಯಾವ ಕ್ರಮದಲ್ಲಿ ಕೇಳಿದೆವು ಎಂಬುದರಲ್ಲಿ ಆಗುವ ತಪ್ಪನ್ನು ಸಂಖ್ಯೆ ತಿದ್ದಲಾರದು. ಆ ಎರಡನ್ನು ಸರಿಪಡಿಸಿಕೊಂಡರೆ 200 ಮನೆಗಳು ಸಾಕು, ಹನ್ನೆರಡು ಸಾವಿರ ರೂಪಾಯಿ ಸಾಕು. ಅದನ್ನು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಬೆಲ್ಲದ ಮಾರುಕಟ್ಟೆಯನ್ನೇ ಇಟ್ಟುಕೊಂಡು ತೋರಿಸಬಹುದು.

ಬೆಲ್ಲವನ್ನೇ ಆರಿಸಲು ಕಾರಣವಿದೆ. 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯ ‘ಒಂದು ಜಿಲ್ಲೆ ಒಂದು ಉತ್ಪನ್ನ’ದಡಿ ಮಂಡ್ಯಕ್ಕೆ ಸಿಕ್ಕಿದ್ದು ಬೆಲ್ಲ. ಸಂಘಗಳು, ರೈತ ಕಂಪನಿಗಳು ಬ್ರ್ಯಾಂಡ್ ಕಟ್ಟಲು ಮಾಡುವ ಖರ್ಚಿಗೆ ಆ ಯೋಜನೆಯಲ್ಲಿ ಅರ್ಧದಷ್ಟು ನೆರವೂ ಇದೆ. ಹಾಗಾಗಿ ‘ರಾಸಾಯನಿಕಮುಕ್ತ’, ‘ಸಾವಯವ’ ಎಂದು ಅಚ್ಚು ಹಾಕಿದ ಒಂದು ಕಿಲೋ ಪ್ಯಾಕೆಟ್ ಹೊರತರುವವರು, ಅದರ ಫ್ಲೆಕ್ಸ್ ಕಟ್ಟಿಸುವವರು, ಆಟೊದಲ್ಲಿ ಮೈಕ್ ಹಾಕಿಸುವವರು ಇದ್ದಾರೆ. ಆ ಪ್ರಚಾರದಿಂದ ಹೆಸರು ಯಾರ ತಲೆಯಲ್ಲಾದರೂ ಉಳಿಯಿತೇ ಎಂಬ ಪ್ರಶ್ನೆಗೆ ಮಾತ್ರ ಅವರ ಬಳಿ ಉತ್ತರವಿರುವುದಿಲ್ಲ. ಬೆಲ್ಲ ಬಹುಪಾಲು ಹೆಸರಿಲ್ಲದೆ ಮಾರಾಟವಾಗುವ ಸರಕು. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಉಂಡೆ ಬೆಲ್ಲ ಎಂದು ಆಕಾರ ಹೇಳಿ ಕೊಳ್ಳುತ್ತಾರೆ. ಕಬ್ಬಿನ ಊರುಗಳಲ್ಲಿ ಇಂಥವರ ಆಲೆಮನೆ ಬೆಲ್ಲ ಎಂದು ತರುತ್ತಾರೆ, ಪೇಟೆಯಲ್ಲಿ ಇಂಥ ಅಂಗಡಿ ಬೆಲ್ಲ ಎನ್ನುತ್ತಾರೆ. ಇಂಥ ಸರಕಿನಲ್ಲಿ ಹೊಸ ಹೆಸರೊಂದರ ಪರಿಚಯವನ್ನು ಅಳೆಯುವುದು ಹಾಲಿನಲ್ಲಿ ನಂದಿನಿಯನ್ನು ಅಳೆದಷ್ಟು ಸುಲಭವಲ್ಲ. ನಂದಿನಿ ಎಲ್ಲರಿಗೂ ಗೊತ್ತು, ಅಳತೆ ಒರಟಾಗಿದ್ದರೂ ನಡೆದೀತು. ನೂರರಲ್ಲಿ ನಾಲ್ಕು ಜನಕ್ಕೆ ಗೊತ್ತಿರುವ ಹೆಸರನ್ನು ಒರಟಾಗಿ ಅಳೆದರೆ ನಾಲ್ಕು ನಲವತ್ತಾಗಿ ಕಾಣುತ್ತದೆ.

ಹೆಚ್ಚು ತಲೆ ಎಣಿಸಿದವರಿಗೆ ಚರಿತ್ರೆ ಕಲಿಸಿದ ದೊಡ್ಡ ಪಾಠ 1936ರದು. ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ ಒಂದು ಕೋಟಿ ಜನರಿಗೆ ಮಾದರಿ ಮತಪತ್ರ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಮೀರಿ ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡು. ಅದರ ಒಂದು ಸಣ್ಣ ಪಾಲಿನಷ್ಟು ಜನರನ್ನು ಆರಿಸಿ ಕೇಳಿದ್ದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು. ಪತ್ರಿಕೆ ಹೆಸರುಗಳನ್ನು ಹೆಕ್ಕಿದ್ದು ಟೆಲಿಫೋನ್ ಪುಸ್ತಕ, ಕಾರು ನೋಂದಣಿಯಂಥ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಫೋನು, ಕಾರು ಇದ್ದವರೇ ಬೇರೆ ವರ್ಗ. ಜೊತೆಗೆ, ಮತಪತ್ರ ತುಂಬಿ ಮರಳಿ ಅಂಚೆಗೆ ಹಾಕುವಷ್ಟು ಆಸಕ್ತಿ ಇದ್ದವರು, ಹಾಕದೆ ಬಿಟ್ಟವರಿಗಿಂತ ಬೇರೆ ಮನಸ್ಸಿನವರು. ಇಪ್ಪತ್ತು ಲಕ್ಷ ಉತ್ತರಗಳು ಈ ಎರಡು ಓರೆಗಳಲ್ಲಿ ಒಂದನ್ನೂ ನೇರ ಮಾಡಲಿಲ್ಲ.

ವಾಟ್ಸ್‌ಆ್ಯಪ್ ಫಾರ್ಮಿನಲ್ಲಿ ಆ ಎರಡೂ ಓರೆಗಳಿವೆ, ಮೂರನೆಯದೊಂದು ಹೆಚ್ಚಿಗೆ ಇದೆ. ಫಾರ್ಮ್ ಹೊರಡುವುದು ಕಂಪನಿಯ ನಿರ್ದೇಶಕರ ಫೋನಿನಿಂದ. ಅದು ಮೊದಲು ತಲುಪುವುದು ಷೇರುದಾರ ರೈತರನ್ನು, ಅವರ ನೆಂಟರನ್ನು, ಕೃಷಿ ಇಲಾಖೆಯವರ ಗುಂಪನ್ನು, ಊರು ಬಿಟ್ಟು ಬೆಂಗಳೂರು ಮೈಸೂರು ಸೇರಿದ ಮಕ್ಕಳನ್ನು. ಕೆ.ಆರ್. ಪೇಟೆಯ ಹಳ್ಳಿಯೊಂದರಲ್ಲಿ ಮನೆಗೆ ಬೆಲ್ಲ ತರಿಸುವ ಐವತ್ತೈದರ ಹೆಂಗಸಿನ ಕೈಗೆ ಅದು ಬರುವುದು ಅಪರೂಪ. ತಲುಪಿದವರಲ್ಲಿ ತುಂಬುವವರು ಆ ಕಂಪನಿಯ ಹಿತೈಷಿಗಳು. ಇನ್ನು ಮೂರನೆಯ ಓರೆ: ಫಾರ್ಮಿನ ತಲೆಬರಹದಲ್ಲೇ ಬ್ರ್ಯಾಂಡಿನ ಹೆಸರು, ಪಕ್ಕದಲ್ಲಿ ಪ್ಯಾಕೆಟ್ಟಿನ ಚಿತ್ರ, ಮೊದಲ ಪ್ರಶ್ನೆಯೇ ‘ನಮ್ಮ ಬೆಲ್ಲದ ಬಗ್ಗೆ ನಿಮಗೆ ಗೊತ್ತೇ?’ ಎಂಬುದು. ಉತ್ತರವನ್ನು ಕೈಗಿಟ್ಟು ಪ್ರಶ್ನೆ ಕೇಳಿದ ಹಾಗಾಯಿತು. ಇಂಥ ಫಾರ್ಮಿಗೆ 600 ಜನ ಉತ್ತರಿಸಿ 432 ಜನ ಗೊತ್ತು ಎಂದರು ಎಂದಿಟ್ಟುಕೊಳ್ಳಿ. ಶೇ 72 ಎಂದು ವರದಿಯಾಗುತ್ತದೆ. ಅದು ತನ್ನ ಬಳಗದಲ್ಲಿ ತನ್ನ ಹೆಸರು ಎಷ್ಟು ಜನಕ್ಕೆ ಗೊತ್ತು ಎಂಬುದರ ಅಳತೆ. ನಾಲ್ಕು ತಾಲ್ಲೂಕುಗಳ ಅಡುಗೆಮನೆಗೂ ಅದಕ್ಕೂ ಸಂಬಂಧವಿಲ್ಲ. ಉತ್ತರ 600ರಿಂದ 6,000ಕ್ಕೆ ಏರಿದರೂ ಅದೇ ಬಳಗ ಇನ್ನಷ್ಟು ಹಿಗ್ಗುತ್ತದೆ, ಅಷ್ಟೆ.

‘2011ರ ಜನಗಣತಿಯಲ್ಲೇ 18 ಲಕ್ಷ ದಾಟಿದ್ದ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಗೆ 200 ಜನ ಯಾವ ಲೆಕ್ಕ?’ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಕೇಳಲು ನ್ಯಾಯವಾಗಿದೆ, ಆದರೆ ಗಣಿತ ಇದಕ್ಕೆ ಒಪ್ಪುವುದಿಲ್ಲ. ಕುರುಡು ಆಯ್ಕೆಯಿಂದ ಆರಿಸಿದ ಗುಂಪಿನಲ್ಲಿ ಆಗಬಹುದಾದ ತಪ್ಪು ಕೇಳಿದವರ ಸಂಖ್ಯೆಗೆ ತಕ್ಕಂತೆ ಇರುತ್ತದೆ, ಊರಿನ ಒಟ್ಟು ಜನಸಂಖ್ಯೆ ಎರಡು ಲಕ್ಷವೋ ಎಂಟು ಲಕ್ಷವೋ ಎಂಬುದರಿಂದ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ನೆನಪಿಡಲು ಸುಲಭದ ಲೆಕ್ಕವೊಂದಿದೆ: ಕೇಳಿದವರ ಸಂಖ್ಯೆಯ ವರ್ಗಮೂಲದಿಂದ 100ನ್ನು ಭಾಗಿಸಿದರೆ ಶೇಕಡಾವಾರು ಉತ್ತರ ಅತ್ತಿತ್ತ ಎಷ್ಟು ಸರಿದೀತು ಎಂಬುದರ ಗರಿಷ್ಠ ಅಂದಾಜು ಸಿಗುತ್ತದೆ. 100 ಜನರಿಗೆ 10 ಅಂಶ, 200ಕ್ಕೆ 7, 400ಕ್ಕೆ 5, 10,000ಕ್ಕೆ 1. ತಪ್ಪನ್ನು ಅರ್ಧಕ್ಕಿಳಿಸಲು ಖರ್ಚನ್ನು ನಾಲ್ಕು ಪಟ್ಟು ಏರಿಸಬೇಕು ಎಂಬುದು ಇದರ ಅರ್ಥ. ಹೆಸರು ಶೇ 4 ಜನಕ್ಕೆ ಗೊತ್ತೋ ಶೇ 40 ಜನಕ್ಕೆ ಗೊತ್ತೋ ಎಂದು ತಿಳಿಯಬೇಕಾದ ಸಣ್ಣ ಕಂಪನಿಗೆ ಏಳು ಅಂಶದ ಸಡಿಲ ತೊಡಕಲ್ಲ. ಶೇ 41ರಿಂದ 43ಕ್ಕೆ ಏರಿತೇ ಎಂದು ನೋಡಬೇಕಾದ ದೊಡ್ಡ ಕಂಪನಿಗೆ ತೊಡಕು. ಏಜೆನ್ಸಿ, ಸಾವಿರಾರು ಉತ್ತರ ಎಲ್ಲ ಬೇಕಾಗುವುದು ಅಂಥವರಿಗೆ.

ಆದರೆ ಈ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ, ಅಗ್ಗದ ಸಮೀಕ್ಷೆಗಳು ಬೀಳುವುದು ಅಲ್ಲೇ. ಅನ್ನ ಬೆಂದಿತೇ ಎಂದು ನೋಡಲು ಒಂದು ಅಗುಳು ಸಾಕು, ಏಕೆಂದರೆ ಇಡೀ ಪಾತ್ರೆಗೆ ತಾಗಿದ್ದು ಒಂದೇ ಉರಿ. ನಾಲ್ಕು ತಾಲ್ಲೂಕುಗಳು ಒಂದು ಪಾತ್ರೆಯಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಿ ಕಬ್ಬು, ಆಲೆಮನೆ ಮನೆಯ ಪಕ್ಕದಲ್ಲಿವೆ. ನಾಗಮಂಗಲದ ಬಹುಭಾಗ ರಾಗಿ, ತೆಂಗಿನ ಸೀಮೆ, ಬೆಲ್ಲ ಅಂಗಡಿಯಿಂದಲೇ ಬರಬೇಕು. ಅಷ್ಟೇ ಅಲ್ಲ, ಒಂದು ಊರಿನ ಅಂಗಡಿಯಲ್ಲಿ ನಮ್ಮ ಪ್ಯಾಕೆಟ್ ಇದ್ದರೆ ಆ ಊರಿನ ಹಲವರಿಗೆ ಹೆಸರು ಗೊತ್ತಿರುತ್ತದೆ, ಇಲ್ಲದಿದ್ದರೆ ಯಾರಿಗೂ ಇರುವುದಿಲ್ಲ. ಅಕ್ಕಪಕ್ಕದವರ ಉತ್ತರ ಒಂದನ್ನೊಂದು ಹೋಲುತ್ತದೆ, ಹತ್ತನೆಯ ಮನೆ ಹೊಸದೇನನ್ನೂ ಹೇಳುವುದಿಲ್ಲ. ಈ ಹೋಲಿಕೆಗೆ ಸಂಖ್ಯಾಶಾಸ್ತ್ರದಲ್ಲಿ ಲೆಕ್ಕವಿದೆ. ಹೋಲಿಕೆಯನ್ನು 0.1 ಎಂದು ಹಿಡಿದರೆ, ಒಂದೊಂದು ಊರಿನಲ್ಲಿ 10 ಮನೆಯಂತೆ 20 ಊರು ಸುತ್ತಿದಾಗ 200ನ್ನು 1 + (10 − 1) × 0.1, ಅಂದರೆ 1.9ರಿಂದ ಭಾಗಿಸಬೇಕು. ಉಳಿಯುವ ಬೆಲೆ ಸುಮಾರು 105 ಮನೆಗಳದು. ಅದೇ 200 ಮನೆಗಳನ್ನು 5 ಊರಿನಲ್ಲಿ ನಲವತ್ತರಂತೆ ಮುಗಿಸಿದರೆ ಭಾಜಕ 4.9 ಆಗಿ, ಉಳಿಯುವುದು 41 ಮನೆಗಳ ಬೆಲೆ. ಸುತ್ತಾಟ ಉಳಿಸಲು ಐದೇ ಊರಿನಲ್ಲಿ ಹಾಳೆ ತುಂಬಿಸಿದವರು 200 ಎಂದು ಬರೆದುಕೊಂಡರೂ ಕೈಯಲ್ಲಿರುವುದು 41.

ಹಾಗಾದರೆ ಆ 20 ಊರುಗಳನ್ನು ಆರಿಸುವುದು ಹೇಗೆ? ಹತ್ತಿರವಿದೆ, ಪರಿಚಯದವರಿದ್ದಾರೆ ಎಂದು ಆರಿಸಬಾರದು. ಶ್ರೀರಂಗಪಟ್ಟಣದ ಕೋಟೆ, ದರಿಯಾ ದೌಲತ್ ಬಳಿ ನಿಂತರೆ ಸಿಗುವವರು ಪ್ರವಾಸಿಗರು, ಮೇಲುಕೋಟೆಯ ಬೆಟ್ಟದಲ್ಲಿ ಭಕ್ತರು, ಬೆಳ್ಳೂರು ಕ್ರಾಸಿನಲ್ಲಿ ಹಾಸನದ ಬಸ್ಸಿಗೆ ಕಾದವರು. ಬೇಗ ಹಾಳೆ ತುಂಬುವ ಜಾಗಗಳೆಲ್ಲ ಹೊರಗಿನವರ ಜಾಗಗಳು. ದುಡ್ಡಿಲ್ಲದೆ ಸಿಗುವ ಒಳ್ಳೆಯ ಪಟ್ಟಿಯೊಂದಿದೆ: ಚುನಾವಣಾ ಇಲಾಖೆ ಪ್ರಕಟಿಸುವ ಮತಗಟ್ಟೆಗಳ ಪಟ್ಟಿ. ಮತಗಟ್ಟೆಗಳನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದ ಮತದಾರರಿಗೆ ಹಂಚಿರುವುದರಿಂದ ದೊಡ್ಡ ಊರಿಗೆ ಹೆಚ್ಚು, ಸಣ್ಣ ಊರಿಗೆ ಕಡಿಮೆ ಅವಕಾಶ ತಾನಾಗಿ ಸಿಗುತ್ತದೆ. ವಿಧಾನಸಭಾ ಕ್ಷೇತ್ರದ ಗಡಿ ತಾಲ್ಲೂಕಿನ ಗಡಿಗೆ ಪೂರ್ತಿ ಹೊಂದುವುದಿಲ್ಲ, ಪಾಂಡವಪುರ ಇರುವುದು ಮೇಲುಕೋಟೆ ಕ್ಷೇತ್ರದಲ್ಲಿ. ಹೊರತಾಲ್ಲೂಕಿನ ಮತಗಟ್ಟೆಗಳನ್ನು ಹೊಡೆದುಹಾಕಿ ಉಳಿದವಕ್ಕೆ ಸಾಲಾಗಿ ಸಂಖ್ಯೆ ಕೊಡಬೇಕು. ಸಾವಿರ ಮತಗಟ್ಟೆ ಉಳಿದರೆ 1ರಿಂದ 50ರೊಳಗೆ ಒಂದು ಚೀಟಿ ಎತ್ತಿ, ಅಲ್ಲಿಂದ ಐವತ್ತಕ್ಕೊಂದರಂತೆ ಗುರುತು ಹಾಕಿದರೆ 20 ಜಾಗ ಸಿಕ್ಕವು. ಮತದಾರರ ಹೆಸರು ಬೇಕಿಲ್ಲ, ಜಾಗ ಮಾತ್ರ ಬೇಕು. ಮತಗಟ್ಟೆಯಿಂದ ಹೊರಟು ಐದು ಮನೆಗೊಂದು ಮನೆಯ ಬಾಗಿಲು ತಟ್ಟಬೇಕು. ಮನೆಗೆ ದಿನಸಿ ಯಾರು ತರುತ್ತಾರೋ ಅವರನ್ನೇ ಕೇಳಬೇಕು. ಅವರು ಗದ್ದೆಗೆ ಹೋಗಿದ್ದರೆ ಸಂಜೆ ಮತ್ತೊಮ್ಮೆ ಬರಬೇಕು. ಮಧ್ಯಾಹ್ನವಷ್ಟೇ ಸುತ್ತಿದರೆ ಮನೆಯಲ್ಲಿ ಸಿಗುವವರು ಮುದುಕರು, ಮಕ್ಕಳು.

ಇನ್ನು ಕೇಳುವ ಕ್ರಮ. ಬ್ರ್ಯಾಂಡಿನ ಪರಿಚಯದಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಯಾರೂ ಹೇಳಿಕೊಡದೆ ಹೆಸರು ಬಾಯಿಗೆ ಬರುವುದು ನೆನಪು. ಹೆಸರು ಕೇಳಿದ ಮೇಲೆ, ಪ್ಯಾಕೆಟ್ ಕಂಡ ಮೇಲೆ ‘ಹೌದು, ಇದನ್ನು ಬಲ್ಲೆ’ ಎನಿಸುವುದು ಗುರುತು. ನೆನಪನ್ನು ಮೊದಲು ಕೇಳಬೇಕು, ಗುರುತನ್ನು ಆಮೇಲೆ. ತಿರುಗುಮುರುಗಾದರೆ ನೆನಪಿನ ಅಳತೆ ಕೆಟ್ಟಿತು, ಮತ್ತೆ ಸರಿಪಡಿಸಲಾಗದು. ಆದ್ದರಿಂದ ಬಂದವರು ಯಾವ ಕಂಪನಿಯ ಕಡೆಯವರು ಎಂಬುದು ಮಾತು ಮುಗಿಯುವ ತನಕ ತಿಳಿಯಬಾರದು. ಬ್ರ್ಯಾಂಡಿನ ಟೋಪಿ, ಟೀ ಶರ್ಟ್ ಕೂಡದು. ಮೊದಲ ಮಾತು ಹೀಗಿರಲಿ: ‘ಅಕ್ಕಾ, ಬೆಲ್ಲ ಅಂದ್ರೆ ನಿಮ್ಗೆ ಯಾವ್ಯಾವ ಹೆಸ್ರು ನೆನಪಿಗೆ ಬರ್ತವೆ?’ ಹೇಳಿದ್ದನ್ನು ಹೇಳಿದ ಕ್ರಮದಲ್ಲೇ, ಅವರ ಮಾತಲ್ಲೇ ಬರೆಯಬೇಕು. ಮೊದಲು ಬಂದ ಹೆಸರಿಗೆ ಸುತ್ತು ಹಾಕಬೇಕು. ‘ಇನ್ನೂ ಯಾವ್ದಾದ್ರೂ?’ ಎಂದು ಒಂದೇ ಸಲ ಕೇಳಬೇಕು. ಆಲೆಮನೆಯವರ ಹೆಸರೋ ಅಂಗಡಿಯ ಹೆಸರೋ ಬಂದರೆ ಅದನ್ನೂ ಬರೆಯಬೇಕು, ಏಕೆಂದರೆ ಆ ಮನೆಯ ಪಾಲಿಗೆ ಅದೇ ಬ್ರ್ಯಾಂಡ್. ‘ಮಂಡ್ಯ ಬೆಲ್ಲ’, ‘ಸಾವಯವ ಬೆಲ್ಲ’ ಎಂದರೆ ಅದನ್ನು ಸರಕಿನ ಹೆಸರೆಂದೇ ಬೇರೆ ಇಡಬೇಕು. ನಮ್ಮ ಬ್ರ್ಯಾಂಡಿನ ಹೆಸರಲ್ಲೂ ‘ಮಂಡ್ಯ’ ಇದೆ ಎಂದು ಅದನ್ನೆಲ್ಲ ನಮ್ಮ ಖಾತೆಗೆ ಜಮೆ ಮಾಡುವುದು ಸಾಮಾನ್ಯವಾಗಿ ಆಗುವ ಮೋಸ. ಎರಡನೆಯ ಪ್ರಶ್ನೆ, ಹೋದ ಸಲ ತಂದ ಬೆಲ್ಲ ಯಾವುದು, ಬಿಡಿಯೋ ಪ್ಯಾಕೆಟ್ಟೋ ಎಂಬುದು. ಮೂರನೆಯದಾಗಿ ಐದಾರು ಹೆಸರುಗಳ ಪಟ್ಟಿ ಓದಿ, ಯಾವುದನ್ನು ಕೇಳಿದ್ದೀರಿ ಎನ್ನಬೇಕು. ಪ್ರತಿ ಮನೆಯಲ್ಲಿ ಪಟ್ಟಿಯನ್ನು ಬೇರೆ ಹೆಸರಿನಿಂದ ಶುರು ಮಾಡಬೇಕು. ಕೊನೆಗೆ, ಹೆಸರಿನ ಜಾಗಕ್ಕೆ ಕಾಗದ ಅಂಟಿಸಿದ ಪ್ಯಾಕೆಟ್ಟಿನ ಚಿತ್ರ ತೋರಿಸಿ ಇದು ಯಾವುದೆಂದು ಕೇಳಬೇಕು. ಐದಾರು ನಿಮಿಷದಲ್ಲಿ ಮುಗಿಯುವ ಕೆಲಸ.

‘ನಮ್ಮ ಜನ ಮುಖ ನೋಡಿ ಉತ್ತರ ಹೇಳುತ್ತಾರೆ, ಹಾಗಾಗಿ ಇಂಥ ಸಮೀಕ್ಷೆ ನಡೆಯದು’ ಎಂಬುದು ಇನ್ನೊಂದು ಆಕ್ಷೇಪ. ಅದರಲ್ಲಿ ನಿಜವಿದೆ. ಮನೆ ಬಾಗಿಲಿಗೆ ಬಂದವರನ್ನು ನೋಯಿಸಬಾರದೆಂದು ‘ಹ್ಞೂ, ಕೇಳಿದೀವಿ’ ಎನ್ನುವವರಿದ್ದಾರೆ. ರೇಷನ್ ಕಾರ್ಡಿನ ತನಿಖೆಯೇನೋ ಎಂದು ಅಳುಕಿ ಏನೋ ಒಂದು ಹೇಳುವವರಿದ್ದಾರೆ. ಜಗಲಿಯಲ್ಲಿ ನಾಲ್ಕು ಜನ ಸೇರಿ ಒಬ್ಬರ ಪರವಾಗಿ ಇನ್ನೊಬ್ಬರು ಉತ್ತರ ಕೊಡುವುದೂ ಉಂಟು. ಆದರೆ ಈ ಸೌಜನ್ಯವನ್ನೂ ಅಳೆಯಬಹುದು. ಓದುವ ಪಟ್ಟಿಯಲ್ಲಿ ಎಲ್ಲೂ ಇಲ್ಲದ, ಆದರೆ ಇದ್ದೀತು ಎನಿಸುವ ಹುಸಿ ಹೆಸರೊಂದನ್ನು ಸೇರಿಸಿದರಾಯಿತು. ಅದನ್ನು ಎಷ್ಟು ಜನ ಬಲ್ಲೆವು ಎನ್ನುತ್ತಾರೋ ಅಷ್ಟು ಉತ್ತರಗಳು ಪರಿಚಯದಿಂದ ಬಂದವಲ್ಲ ಎಂದು ತಿಳಿಯುತ್ತದೆ. ಜಗಲಿಯ ಗದ್ದಲಕ್ಕೆ ಮದ್ದು ಸರಳ: ಗುಂಪು ಸೇರಿದ ಮನೆಯ ಹಾಳೆಗೆ ಗುರುತು ಹಾಕಿ, ನೆನಪಿನ ಲೆಕ್ಕದಿಂದ ಅದನ್ನು ಬಿಟ್ಟು, ಮುಂದಿನ ಐದನೆಯ ಮನೆಗೆ ಹೋಗಬೇಕು.

ಕೇಳುವವರ ತಪ್ಪನ್ನು ಹಿಡಿಯುವ ದಾರಿಯನ್ನು ನಮ್ಮ ದೇಶದವರೇ ತೋರಿಸಿದ್ದಾರೆ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು 1931ರಲ್ಲಿ ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸ್, ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗಳಲ್ಲಿ ಒಂದೇ ಪ್ರದೇಶವನ್ನು ಎರಡು ತಂಡಗಳಿಂದ ಬೇರೆ ಬೇರೆಯಾಗಿ ಅಳೆಸಿ, ಎರಡರ ಫಲಿತಾಂಶವನ್ನು ಎದುರುಬದುರು ಇಟ್ಟು ನೋಡುವ ಪದ್ಧತಿ ತಂದರು. ಪೂರ್ತಿ ಎಣಿಕೆಗಿಂತ ಅಚ್ಚುಕಟ್ಟಾದ ಮಾದರಿ ಸಮೀಕ್ಷೆ ಮೇಲು ಎಂದು ದುಡ್ಡಿನ ಬಡತನವಿದ್ದ ದೇಶದಲ್ಲಿ ವಾದಿಸಿ ಗೆದ್ದವರು ಅವರು. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಆ ವಾದದ ಮೇಲೆಯೇ ನಿಂತಿದೆ. ನಮ್ಮ ಸಮೀಕ್ಷೆಯಲ್ಲಿ ಇದನ್ನು ಮಾಡಲು ಇಬ್ಬರು ಸಾಕು. ಪ್ರತಿ ಊರಿನಲ್ಲೂ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಹೋಗಿ ಐದೈದು ಮನೆ ಕೇಳಲಿ. ಕೊನೆಗೆ ತಲಾ 100 ಹಾಳೆಗಳಿರುತ್ತವೆ. ಊರುಗಳು ಒಂದೇ ಆದ್ದರಿಂದ ಉತ್ತರಗಳೂ ಹತ್ತಿರ ಹತ್ತಿರ ಇರಬೇಕು. ಒಬ್ಬರ ಹಾಳೆಗಳಲ್ಲಿ ಬ್ರ್ಯಾಂಡನ್ನು ಗುರುತಿಸಿದವರು 31, ಇನ್ನೊಬ್ಬರ ಹಾಳೆಗಳಲ್ಲಿ 15 ಎಂದು ಬಂದರೆ ಅದು ಆಕಸ್ಮಿಕದ ಅಂತರವಲ್ಲ. ಒಬ್ಬರು ಸುಳಿವು ಕೊಡುತ್ತಿದ್ದಾರೆ, ಇಲ್ಲವೇ ಮರದ ಕೆಳಗೆ ಕುಳಿತು ತಾವೇ ತುಂಬುತ್ತಿದ್ದಾರೆ. ತರಬೇತಿ ಪಡೆದವರಿಲ್ಲ ಎಂಬ ಕೊರಗಿಗೆ ಇದು ಉತ್ತರ. ಕೆಲಸ ಕೆಟ್ಟರೆ ಕೆಟ್ಟಿದೆ ಎಂದು ತೋರಿಸುವ ವ್ಯವಸ್ಥೆ ಇದ್ದರೆ, ಒಂದು ದಿನ ಹೇಳಿಕೊಟ್ಟ ಪದವಿ ವಿದ್ಯಾರ್ಥಿಗಳು ಸಾಕಾಗುತ್ತಾರೆ.

ಒಂದು ಕಲ್ಪಿತ ಫಲಿತಾಂಶವನ್ನು ಇಟ್ಟುಕೊಂಡು ಕೊನೆಯ ತನಕ ಓದೋಣ. 200 ಮನೆಗಳಲ್ಲಿ ತಾನಾಗಿ ಬ್ರ್ಯಾಂಡಿನ ಹೆಸರು ಹೇಳಿದವರು 9, ಶೇ 4.5. ಪಟ್ಟಿ ಓದಿದ ಮೇಲೆ ಬಲ್ಲೆವು ಎಂದವರು 46, ಶೇ 23. ಇಬ್ಬರ ಹಾಳೆಗಳಲ್ಲಿ ಆ 46 ಹಂಚಿಕೊಂಡದ್ದು 25 ಮತ್ತು 21, ಹಾಗಾಗಿ ಕೇಳುವವರ ಮೇಲೆ ಸಂಶಯವಿಲ್ಲ. ಹುಸಿ ಹೆಸರನ್ನು ಬಲ್ಲೆವು ಎಂದವರು 14, ಶೇ 7. ಆ ಏಳನ್ನು 23ರಿಂದ ಕಳೆದು, ಉಳಿದ 16ನ್ನು 93ರಿಂದ ಭಾಗಿಸಿದರೆ ನಿಜವಾದ ಗುರುತು ಸುಮಾರು ಶೇ 17. ಊರುಗಳೊಳಗಿನ ಹೋಲಿಕೆಯನ್ನೂ ಸೇರಿಸಿದರೆ ಇದು ಎಂಟು ಅಂಶ ಅತ್ತಿತ್ತ ಆಗಬಹುದು. ಅಂದರೆ ಶೇ 9 ಇದ್ದೀತು, 25 ಇದ್ದೀತು. ಅಂಥ ಸಡಿಲದ ಅಳತೆಯಿಂದ ಏನು ಪ್ರಯೋಜನ ಎನ್ನುವವರು ಅದನ್ನು ಫಾರ್ಮಿನ ಶೇ 72ರ ಪಕ್ಕದಲ್ಲಿ ಇಟ್ಟು ನೋಡಲಿ. ಸಡಿಲದ ಅತಿ ದೂರದ ತುದಿಗೆ ಹೋದರೂ 72 ಹತ್ತಿರ ಸುಳಿಯುವುದಿಲ್ಲ. ಒರಟಾದರೂ ನಿಜದ ಸುತ್ತ ಸುಳಿಯುವ ಅಂದಾಜು ಒಂದು ಕಡೆ, ನುಣುಪಾದ ತಪ್ಪು ಇನ್ನೊಂದು ಕಡೆ. ಮುಂದಿನ ವರ್ಷದ ಪ್ರಚಾರದ ದುಡ್ಡನ್ನು ಯಾವುದರ ಮೇಲೆ ಕಟ್ಟಬೇಕು ಎಂಬುದಕ್ಕೆ ಹೆಚ್ಚು ಯೋಚನೆ ಬೇಕಿಲ್ಲ.

ಮುಖ್ಯ ತಿಳಿವು ಇರುವುದು ಎರಡು ಅಂಕಿಗಳ ನಡುವಿನ ಅಂತರದಲ್ಲಿ: ಗುರುತು 17, ನೆನಪು 4.5. ಯಾವುದು ಮುಖ್ಯ ಎಂಬುದು ಸರಕು ಹೇಗೆ ಕೈಗೆ ಬರುತ್ತದೆ ಎಂಬುದರ ಮೇಲೆ ನಿಂತಿದೆ. ಜಾಹೀರಾತು ವಿದ್ವಾಂಸರಾದ ಜಾನ್ ರಾಸಿಟರ್ ಮತ್ತು ಲ್ಯಾರಿ ಪರ್ಸಿ ಈ ಭೇದವನ್ನು ಒತ್ತಿ ಹೇಳಿದರು. ಗಿರಾಕಿ ತಾನೇ ಕಪಾಟಿನಿಂದ ತೆಗೆದುಕೊಳ್ಳುವ ಸೂಪರ್‌ಮಾರ್ಕೆಟ್ಟಿನಲ್ಲಿ ಗುರುತು ಸಾಕು, ಪ್ಯಾಕೆಟ್ಟೇ ಕಣ್ಣಿಗೆ ಬಿದ್ದು ತನ್ನನ್ನು ನೆನಪಿಸುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳ ದಿನಸಿ ಅಂಗಡಿಯಲ್ಲಿ ಗಲ್ಲಾದ ಈಚೆ ನಿಂತು ‘ಒಂದು ಕಿಲೋ ಬೆಲ್ಲ ಕೊಡಿ’ ಎನ್ನಬೇಕು. ಹೆಸರು ಹೇಳಿ ಕೇಳದಿದ್ದರೆ ಅಂಗಡಿಯವರು ತಮಗೆ ಲಾಭ ಹೆಚ್ಚಿರುವ ಬಿಡಿ ಬೆಲ್ಲವನ್ನೇ ತೂಗುತ್ತಾರೆ. ಇಲ್ಲಿ ದುಡಿಯುವುದು ನೆನಪು ಮಾತ್ರ. ಹಾಗಾಗಿ ಶೇ 17ರ ಗುರುತನ್ನು ಇನ್ನಷ್ಟು ಫ್ಲೆಕ್ಸ್ ಕಟ್ಟಿ 30ಕ್ಕೆ ಏರಿಸುವುದು ಈ ಕಂಪನಿಯ ಕೆಲಸವಲ್ಲ. ‘ಬೆಲ್ಲ’ ಎಂಬ ಮಾತಿನ ಜೊತೆಗೇ ಹೆಸರು ನಾಲಿಗೆಗೆ ಬರುವಂತೆ ಮಾಡುವುದು, ಇಲ್ಲವೇ ಪ್ಯಾಕೆಟ್ಟನ್ನು ಗಲ್ಲಾದ ಮುಂದೆಯೇ ನೇತುಹಾಕಿಸಿ ಇರುವ ಗುರುತನ್ನು ದುಡಿಸಿಕೊಳ್ಳುವುದು ಅದರ ಕೆಲಸ. ‘ಗೊತ್ತೇ, ಗೊತ್ತಿಲ್ಲವೇ’ ಎಂದಷ್ಟೇ ಕೇಳುವ ಸಾವಿರ ಉತ್ತರಗಳ ಫಾರ್ಮ್ ಈ ನಿರ್ಧಾರಕ್ಕೆ ಬೇಕಾದ ಅಂತರವನ್ನು ಎಂದಿಗೂ ತೋರಿಸದು.

‘ಇಷ್ಟೆಲ್ಲ ಏಕೆ, ಮಾರಾಟವೇ ಹೇಳುತ್ತದಲ್ಲ’ ಎಂಬುದು ವ್ಯಾಪಾರಿಗಳ ಆಕ್ಷೇಪ, ಅದೇ ಎಲ್ಲಕ್ಕಿಂತ ಗಟ್ಟಿ. ಮಾರಾಟ ಕೊನೆಯ ಫಲ ಎಂಬುದು ನಿಜ. ಆದರೆ ಬಿದ್ದ ಮಾರಾಟ, ಯಾಕೆ ಬಿದ್ದೆನೆಂದು ಹೇಳುವುದಿಲ್ಲ. ಹೆಸರು ಗೊತ್ತಿದ್ದೂ ಬೆಲೆ ಹೆಚ್ಚೆಂದು ಬಿಟ್ಟರೋ, ಬೇಕೆಂದರೂ ಅಂಗಡಿಯಲ್ಲಿ ಸಿಗಲಿಲ್ಲವೋ, ಹೆಸರೇ ಗೊತ್ತಿಲ್ಲವೋ ಎಂಬ ಮೂರಕ್ಕೂ ಲೆಕ್ಕದ ಪುಸ್ತಕದಲ್ಲಿ ಒಂದೇ ಸೊನ್ನೆ. ಮೂರರ ಮದ್ದು ಮಾತ್ರ ಬೇರೆ ಬೇರೆ. ಮೊದಲನೆಯದಕ್ಕೆ ಬೆಲೆ, ಎರಡನೆಯದಕ್ಕೆ ವಿತರಣೆ, ಮೂರನೆಯದಕ್ಕೆ ಪ್ರಚಾರ. ನೆನಪು, ಹೋದ ಸಲದ ಖರೀದಿ, ಗುರುತು ಈ ಮೂರನ್ನು ಒಂದೇ ಹಾಳೆಯಲ್ಲಿ ಕೇಳಿದರೆ ಆ ಸೊನ್ನೆ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಇನ್ನೊಂದು ಮಾತು: ಸಂಕ್ರಾಂತಿಯ ಎಳ್ಳುಬೆಲ್ಲ, ಯುಗಾದಿಯ ಬೇವುಬೆಲ್ಲ, ಹೋಳಿಗೆ ಬಂದಾಗ ಯಾರ ಬೆಲ್ಲವೂ ಮಾರಾಟವಾಗುತ್ತದೆ. ಜನವರಿಯ ಏರಿಕೆಯನ್ನು ಫ್ಲೆಕ್ಸಿನ ಫಲವೆಂದು ಓದಿದವರು ಫೆಬ್ರುವರಿಯಲ್ಲಿ ಮತ್ತಷ್ಟು ಫ್ಲೆಕ್ಸಿಗೆ ದುಡ್ಡು ಸುರಿಯುತ್ತಾರೆ.

ಈ ಸಮೀಕ್ಷೆಯ ಮಿತಿಗಳನ್ನು ಮುಚ್ಚಿಡಬಾರದು, ಮುಚ್ಚಿಟ್ಟರೆ ಅದೂ ಫಾರ್ಮಿನ ದಾರಿಯನ್ನೇ ಹಿಡಿಯುತ್ತದೆ. 200 ಮನೆಗಳಿಂದ ನಾಲ್ಕೂ ತಾಲ್ಲೂಕುಗಳನ್ನು ಬೇರೆ ಬೇರೆಯಾಗಿ ಹೇಳಲಾಗದು. ತಾಲ್ಲೂಕಿಗೆ ಐವತ್ತರಂತೆ ಒಡೆದರೆ ಸಡಿಲ 12 ಅಂಶ ದಾಟಿ 16ರವರೆಗೆ ಹೋಗುತ್ತದೆ. ‘ನಾಗಮಂಗಲದಲ್ಲಿ 20, ಪಾಂಡವಪುರದಲ್ಲಿ 14’ ಎಂದು ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ. ಒಂದು ವರ್ಷದ ನಂತರ ಮತ್ತೆ ಅಳೆಯುವಾಗ ಅದೇ ತಿಂಗಳಲ್ಲಿ, ಅದೇ ಮಾತುಗಳಲ್ಲಿ, ಅದೇ ಊರುಗಳ ಬೇರೆ ಮನೆಗಳಲ್ಲಿ ಕೇಳಬೇಕು. ಒಮ್ಮೆ ಕೇಳಿಸಿಕೊಂಡ ಮನೆಗೆ ಹೆಸರನ್ನು ಸಮೀಕ್ಷೆಯೇ ಕಲಿಸಿಬಿಟ್ಟಿರುತ್ತದೆ. ಆಗ ತಾನಾಗಿ ಹೆಸರು ಹೇಳಿದವರು 9ರಿಂದ 13 ಆದರೆ ಅದು ಏರಿಕೆಯೆಂದು ಹೇಳುವಂತಿಲ್ಲ. 9ರಿಂದ 30 ಆದರೆ ಪ್ರಚಾರ ಕೆಲಸ ಮಾಡಿದೆ ಎಂದು ಧೈರ್ಯವಾಗಿ ಹೇಳಬಹುದು. ಪ್ರಚಾರಕ್ಕೆ ಲಕ್ಷ ರೂಪಾಯಿ ಚೆಲ್ಲಿ ಒಂಬತ್ತನ್ನು ಹದಿಮೂರಕ್ಕಷ್ಟೇ ತಂದಿದ್ದರೆ, ಆ ಪ್ರಚಾರವನ್ನು ನಿಲ್ಲಿಸಲು ಅದಕ್ಕಿಂತ ನಿಖರವಾದ ಅಳತೆ ಬೇಕಿಲ್ಲ.

ಕೊನೆಗೆ ಖರ್ಚು. ಇಬ್ಬರು ದಿನಕ್ಕೆ ಮೂರು ಊರು ಮುಗಿಸಿದರೆ ಏಳು ದಿನ, ಹೇಳಿಕೊಡಲು ಒಂದು ದಿನ. ದಿನಕ್ಕೆ ತಲಾ 600 ರೂಪಾಯಿಯಂತೆ 9,600. ಹಾಳೆ, ಚಿತ್ರಗಳಿಗೆ 800. ಬಸ್ಸಿಲ್ಲದ ಊರಿಗೆ ಆಟೊ, ಊಟ ಕಾಫಿಗೆ 1,800. ಒಟ್ಟು 12,200. ಕೇಳುವ ಇಬ್ಬರೂ ಹೆಣ್ಣುಮಕ್ಕಳಾದರೆ ಅಡುಗೆಮನೆಯ ತನಕ ಮಾತು ಸಲೀಸು, 2023ರ ಜೂನ್‌ನಿಂದ ಇರುವ ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ಸಿಗೆ ಟಿಕೆಟ್ಟಿನ ಖರ್ಚೂ ಇಲ್ಲ. ಸರ್ಕಾರದ ನೆರವಿನಿಂದಲೋ ಷೇರುದಾರರ ದುಡ್ಡಿನಿಂದಲೋ ಬ್ರ್ಯಾಂಡ್ ಕಟ್ಟುವ ಪ್ರತಿ ರೈತ ಕಂಪನಿಯೂ ಫ್ಲೆಕ್ಸ್ ಕಟ್ಟಿಸುವ ಮುನ್ನ ಒಮ್ಮೆ, ಕಟ್ಟಿಸಿದ ವರ್ಷದ ಮೇಲೆ ಒಮ್ಮೆ ಈ ಅಳತೆ ಮಾಡಿಸಲಿ, ಅದರ ಹಾಳೆಗಳನ್ನು ವಾರ್ಷಿಕ ಸಭೆಯಲ್ಲಿ ಷೇರುದಾರರ ಮುಂದಿಡಲಿ. ನಿರ್ದೇಶಕರು ವಾಟ್ಸ್‌ಆ್ಯಪ್ ಫಾರ್ಮಿನ ಶೇ 72ನ್ನು ಓದಿ ಹೇಳಿದಾಗ ಚಪ್ಪಾಳೆ ತಟ್ಟುವ ಮೊದಲು ಷೇರುದಾರರು ಎರಡು ಪ್ರಶ್ನೆ ಕೇಳಲಿ: ಯಾರನ್ನು ಕೇಳಿದಿರಿ, ನಮ್ಮ ಹೆಸರನ್ನು ಮೊದಲು ಹೇಳಿದ್ದು ನೀವೋ ಅವರೋ? ಇವೆರಡಕ್ಕೆ ಉತ್ತರವಿಲ್ಲದ ಅಂಕಿಯನ್ನು ನಡಾವಳಿಗೆ ಸೇರಿಸಬಾರದು.